ಮದುವೆಯಾಗಿ ಅಮೆರಿಕಕ್ಕೆ ಹೋಗೋದು: ಟ್ಯಾರೋದಲ್ಲಿ ಫೂಲ್, ಎಂಟು ವಾಂಡ್ಸ್, ನಾಲ್ಕು ಪೆಂಟಕಲ್ಸ್ ಬಂದಿದೆ, ಹೇಗೆ ಓದಲಿ?

ತೋಟದಮನೆ (ಶಿರಸಿ)
ಎಲ್ಲರಿಗೂ ನಮಸ್ಕಾರ. ವೈಶಾಖದಲ್ಲಿ ನನ್ನ ಮದುವೆ. ಹುಡುಗ ಸಿದ್ದಾಪುರ ಕಡೆಯವರು, ಈಗ ಟೆಕ್ಸಾಸ್‌ನಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದಾರೆ. ಮದುವೆಯಾದ ಮೇಲೆ ನಾನೂ ಅಲ್ಲಿಗೆ ಹೋಗಬೇಕು. ನಾನು ಶಿರಸಿ ಪೇಟೆಯಲ್ಲಿ ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕೆಲಸ ಇಷ್ಟ, ಊರೂ ಇಷ್ಟ. ಹುಡುಗನೂ ಇಷ್ಟ ಆಗಿದ್ದಾರೆ, ಅದರಲ್ಲಿ ಅನುಮಾನ ಇಲ್ಲ.

ನಿನ್ನೆ ರಾತ್ರಿ ಟ್ಯಾರೋ ಮೂರು ಕಾರ್ಡ್ ತೆಗೆದೆ. ಎಡದಿಂದ ಬಲಕ್ಕೆ ಫೂಲ್, ಎಂಟು ವಾಂಡ್ಸ್, ನಾಲ್ಕು ಪೆಂಟಕಲ್ಸ್. ಮೂರೂ ನೇರವಾಗಿಯೇ ಬಿದ್ದವು. ಮೊದಲ ಎರಡು ನೋಡಿ ಖುಷಿಯಾಯಿತು. ಮೂರನೆಯದು ನೋಡಿ ಮನಸ್ಸು ಕುಸಿಯಿತು. ಒಂದು ವಿಡಿಯೋದಲ್ಲಿ ಮದುವೆ ಪ್ರಶ್ನೆಗೆ ನಾಲ್ಕು ಪೆಂಟಕಲ್ಸ್ ಬಂದರೆ ಗಂಡ ಜಿಪುಣ, ಹೆಂಡತಿಯನ್ನು ಹಿಡಿತದಲ್ಲಿ ಇಡುತ್ತಾನೆ ಅಂತ ಹೇಳಿದರು. ನಿಜಾನಾ? ತಿಳಿದವರು ಹೇಳಿ.

ಅಂಕೋಲೆಯವ
ನಾಲ್ಕು ಪೆಂಟಕಲ್ಸ್ ಅಂದ್ರೆ ದುಡ್ಡು ಗಟ್ಟಿ. ಒಳ್ಳೇದೇ ಬಂದಿದೆ. ಧೈರ್ಯವಾಗಿ ಹೋಗಿ.

ಶರಾವತಿ ಮೇಷ್ಟ್ರು (ಹೊನ್ನಾವರ)
ಕೂಸೇ, ವಿದೇಶ ಯೋಗ ನೋಡೋದು ಜಾತಕದಲ್ಲಿ. ಹನ್ನೆರಡನೇ ಮನೆ, ರಾಹು ಎಲ್ಲಿದ್ದಾನೆ, ದಶೆ ಯಾವುದು, ಇಷ್ಟು ನೋಡಿದರೆ ಹೋಗುವುದು ಯಾವಾಗ ಅಂತ ಗೊತ್ತಾಗುತ್ತದೆ. ಕಾರ್ಡ್ ಇವತ್ತು ಒಂದು ಬೀಳುತ್ತದೆ, ನಾಳೆ ಇನ್ನೊಂದು ಬೀಳುತ್ತದೆ.

ಕಾಳಿ ದಂಡೆ (ಕಾರವಾರ)
ಮೇಷ್ಟ್ರೇ, ಜಾತಕ ಹುಟ್ಟಿನ ಹೊತ್ತನ್ನು ಓದುತ್ತದೆ, ಟ್ಯಾರೋ ಕೇಳಿದ ಪ್ರಶ್ನೆಯನ್ನು ಓದುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತಂಗಿ, ಓದುವ ಮೊದಲು ಮೂರು ವಿಷಯ ಹೇಳು. ಯಾವ ಡೆಕ್? ಸರಿಯಾಗಿ ಯಾವ ಮಾತಿನಲ್ಲಿ ಪ್ರಶ್ನೆ ಕೇಳಿದೆ? ಕಾರ್ಡ್ ಇಡುವ ಮೊದಲೇ ಮೂರು ಜಾಗಕ್ಕೂ ಅರ್ಥ ಕೊಟ್ಟಿದ್ದೆಯಾ? ಜಾಗಕ್ಕೆ ಅರ್ಥ ಕೊಡದೆ ಕಾರ್ಡ್ ತೆಗೆದಿದ್ದರೆ ಆಮೇಲೆ ನಮಗೆ ಬೇಕಾದ ಹಾಗೆ, ಇಲ್ಲಾ ಭಯ ಆದ ಹಾಗೆ ಓದಿಬಿಡುತ್ತೇವೆ.

ತೋಟದಮನೆ (ಶಿರಸಿ)
ಅಕ್ಕ, 1909ರ ಹಳೇ ಚಿತ್ರಗಳಿರುವ ಡೆಕ್. ಜಾಗ ಮೊದಲೇ ಬರೆದುಕೊಂಡಿದ್ದೆ. ಎಡಕ್ಕೆ ಈಗಿನ ನಾನು, ನಡುವೆ ಹೋಗುವ ದಾರಿ, ಬಲಕ್ಕೆ ಅಲ್ಲಿನ ಮೊದಲ ವರ್ಷ. ಕೇಳಿದ್ದು ‘ಅಲ್ಲಿ ನಾನು ಸುಖವಾಗಿ ಇರ್ತೀನಾ’ ಅಂತ.

ಕಾಳಿ ದಂಡೆ (ಕಾರವಾರ)
ಜಾಗ ಸರಿಯಾಗಿದೆ. ಪ್ರಶ್ನೆ ಮಾತ್ರ ಹೌದು-ಅಲ್ಲ ಅನ್ನುವ ಥರದ್ದು. ಈ ಮೂರು ಜಾಗ ಅದಕ್ಕೆ ಉತ್ತರ ಕೊಡುವುದಿಲ್ಲ. ಅಲ್ಲಿ ಏನು ಹೇಗಿರುತ್ತದೆ ಅನ್ನೋದನ್ನು ತೋರಿಸಬಹುದು, ಅಷ್ಟೇ. ಹಾಗೇ ಓದೋಣ.

ಮೊದಲು ಆ ಗಂಡನ ಮಾತು. ನಿನ್ನ ಮೂರು ಜಾಗದಲ್ಲಿ ಗಂಡನಿಗೆ ಜಾಗವೇ ಇಲ್ಲ. ಎಡಕ್ಕಿರುವುದು ನೀನು, ಬಲಕ್ಕಿರುವುದು ನಿನ್ನ ಮೊದಲ ವರ್ಷ. ಹಾಗಾಗಿ ನಾಲ್ಕು ಪೆಂಟಕಲ್ಸ್‌ನಲ್ಲಿ ಕೂತಿರುವ ಮನುಷ್ಯನನ್ನು ಹುಡುಗನ ತಲೆಗೆ ಕಟ್ಟುವುದು ತಪ್ಪು. ಅಲ್ಲಿ ಕೂತಿರುವುದು ನೀನೇ. ‘ಅವರು ನನ್ನ ಜೊತೆ ಹೇಗಿರ್ತಾರೆ’ ಅಂತ ಒಂದು ಜಾಗ ಇಟ್ಟು ಅಲ್ಲಿ ಇದೇ ಕಾರ್ಡ್ ಬಿದ್ದಿದ್ದರೆ ಆಗ ಆ ವಿಡಿಯೋ ಮಾತನ್ನು ಯೋಚಿಸಬಹುದಿತ್ತು.

ಈಗ ಡೆಕ್ ಕೈಗೆ ತಗೊಂಡು ಚಿತ್ರ ನೋಡು. ಆ ಮನುಷ್ಯನ ತಲೆಯ ಕಿರೀಟದ ಮೇಲೆ ಒಂದು ನಾಣ್ಯ. ಎದೆಗೆ ಒಂದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಾನೆ. ಎರಡು ಪಾದದ ಕೆಳಗೆ ಎರಡು. ಯಾರೂ ಕದಿಯುತ್ತಿಲ್ಲ, ಬಡತನವೂ ಇಲ್ಲ. ಆದರೆ ಅವನು ಎದ್ದು ಒಂದು ಹೆಜ್ಜೆ ಇಟ್ಟರೆ ಪಾದದ ಕೆಳಗಿನ ನಾಣ್ಯ ಬಿಡಬೇಕು. ಕೈ ಚಾಚಿದರೆ ಎದೆಯದು ಬೀಳುತ್ತದೆ. ಬೆನ್ನ ಹಿಂದೆ ಇಡೀ ಪಟ್ಟಣ ಇದೆ, ಅವನು ಅದರ ಹೊರಗೆ ಕೂತಿದ್ದಾನೆ. ಮೊದಲ ವರ್ಷದ ಜಾಗದಲ್ಲಿ ನಾನು ಇದನ್ನು ಓದುವುದು ಹೀಗೆ: ಊಟ, ಮನೆ, ಭದ್ರತೆಗೆ ತೊಂದರೆ ಇಲ್ಲ. ತೊಂದರೆ ಇರುವುದು ಓಡಾಟಕ್ಕೆ. ಕೈಲಿರುವುದನ್ನು ಉಳಿಸಿಕೊಳ್ಳುವುದರಲ್ಲೇ ಕೂತುಬಿಡುವ ಸಾಧ್ಯತೆ ಇದೆ.

ಫೂಲ್ ಇದಕ್ಕೆ ಪೂರಾ ಉಲ್ಟಾ. ಹೆಗಲ ಮೇಲೆ ಸಣ್ಣ ಗಂಟು, ಕೈಯಲ್ಲಿ ಬಿಳಿ ಹೂವು, ಕಾಲ ಹತ್ತಿರ ನಾಯಿ, ಮುಂದೆ ಕಮರಿ. ಅವನ ಕಣ್ಣು ಮೇಲಕ್ಕೆ, ಹೆಜ್ಜೆ ಕಡೆಗೆ ಅಲ್ಲ. ಇನ್ನೊಂದು ಗಮನಿಸು, ಅವನು ಎಡಕ್ಕೆ ಮುಖ ಮಾಡಿ ನಡೆಯುತ್ತಾನೆ. ನೀನು ಅವನನ್ನು ಎಡತುದಿಗೆ ಇಟ್ಟಿದ್ದೀಯ. ಅಂದರೆ ಉಳಿದ ಎರಡು ಕಾರ್ಡ್ ಅವನ ಬೆನ್ನ ಹಿಂದೆ ಇವೆ. ಹೊರಡುವ ಮನಸ್ಸು ಇದೆ, ಆದರೆ ಎಲ್ಲಿಗೆ, ಯಾವ ಕಾಗದದ ಮೇಲೆ, ಹೋಗಿ ಏನು ಮಾಡೋದು ಅನ್ನೋದನ್ನು ಇನ್ನೂ ತಿರುಗಿ ನೋಡಿಲ್ಲ. ನೋಡಿದ್ದೀಯಾ?

ಹಳಿಯಾಳ ಹುಡುಗ
ಎಂಟು ವಾಂಡ್ಸ್ ಅಂದ್ರೆ ಎಂಟು ವಾರ. ಮದುವೆಯಾಗಿ ಎಂಟು ವಾರದಲ್ಲಿ ವಿಮಾನ ಹತ್ತುತ್ತೀರಿ. ನಮ್ಮ ಅತ್ತಿಗೆಗೂ ಇದೇ ಕಾರ್ಡ್ ಬಂದಿತ್ತು, ಬೇಗ ಹೋದರು.

ಕಾಳಿ ದಂಡೆ (ಕಾರವಾರ)
ಬೇಗ ಅನ್ನೋದು ಸರಿ, ತಮ್ಮ. ಎಂಟು ವಾರ ಅನ್ನೋದಕ್ಕೆ ಆಧಾರ ಏನು? ಸಂಖ್ಯೆ ನೋಡಿ ಕೆಲವರು ದಿನ ಅಂತಾರೆ, ಕೆಲವರು ವಾರ ಅಂತಾರೆ, ಕೆಲವರು ತಿಂಗಳು. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಅನ್ನುವ ಗೂಢವಿದ್ಯೆಯ ಪಂಗಡದವರು ಈ ಕಾರ್ಡನ್ನು ಧನು ರಾಶಿಯಲ್ಲಿರುವ ಬುಧನಿಗೆ ಕೊಟ್ಟರು. ಆ ಲೆಕ್ಕ ಹಿಡಿದರೆ ನವೆಂಬರ್ ಕೊನೆ ಆಗುತ್ತದೆ. ಅದೂ ಇದೂ ತಾಳೆಯಾಗಲ್ಲ. ಹೀಗೆ ತಾಳೆಯಾಗದ ಲೆಕ್ಕ ನಂಬಿ ಟಿಕೆಟ್ ಮಾಡಿಸಿದವರನ್ನು ನೋಡಿದ್ದೇನೆ.

ಚಿತ್ರದಲ್ಲಿ ಮನುಷ್ಯರೇ ಇಲ್ಲ. ಎಂಟು ಕೋಲು ಗಾಳಿಯಲ್ಲಿವೆ, ಕೆಳಗೆ ಹೊಳೆ, ಬಯಲು. ಎಸೆದಾಗಿದೆ, ಇನ್ನೂ ನೆಲ ಮುಟ್ಟಿಲ್ಲ. ವೀಸಾ ಅರ್ಜಿ ಅಂದರೆ ಇದೇ ಅಲ್ವಾ? ಮದುವೆ ನೋಂದಣಿ, ಪಾಸ್‌ಪೋರ್ಟ್, ಹುಡುಗನ ಕಡೆಯ ಕಾಗದ, ಸಂದರ್ಶನದ ದಿನ. ಒಂದು ಸಲ ಕಳಿಸಿದ ಮೇಲೆ ನಮ್ಮ ಕೈಯಲ್ಲಿ ಇರಲ್ಲ. ಅದಕ್ಕೇ ಈ ಕಾರ್ಡ್ ಬಂದಾಗ ನಾನು ಹೇಳುವುದು ಒಂದೇ. ಕಳಿಸುವ ಮೊದಲು ಹೆಸರಿನ ಅಕ್ಷರ, ಇನಿಷಿಯಲ್, ಹುಟ್ಟಿದ ದಿನ ಎಲ್ಲಾ ಕಾಗದದಲ್ಲೂ ಒಂದೇ ಥರ ಇದೆಯಾ ನೋಡು.

ಕುಮಟಾ ಟು ಜೆರ್ಸಿ
ನಾನು ಇದೇ ದಾರಿಯಲ್ಲಿ ಬಂದವಳು, ಹಾಗಾಗಿ ಬರೀತಿದ್ದೇನೆ. ಕಾರ್ಡ್ ನನಗೆ ಗೊತ್ತಿಲ್ಲ. ಆದರೆ ಕಾಳಿ ದಂಡೆಯವರು ಬರೆದ ಆ ಕೂತ ಮನುಷ್ಯನನ್ನು ಓದಿ ನನ್ನ ಮೊದಲ ಚಳಿಗಾಲ ನೆನಪಾಯಿತು. ಎಚ್-1ಬಿಯವರ ಹೆಂಡತಿಯಾಗಿ ಎಚ್-4 ವೀಸಾದಲ್ಲಿ ಬಂದರೆ ಓದಬಹುದು, ಸಂಬಳದ ಕೆಲಸ ಮಾಡುವಂತಿಲ್ಲ. ನಾನು ಕುಮಟೆಯಲ್ಲಿ ಪಾಠ ಹೇಳುತ್ತಿದ್ದೆ. ಇಲ್ಲಿ ಬಂದು ತರಕಾರಿ ತರಲೂ ಗಂಡನ ಕಾರು, ಗಂಡನ ಕಾರ್ಡು. ಅವರು ಒಂದು ದಿನವೂ ಜಿಪುಣತನ ಮಾಡಿಲ್ಲ, ಕೇಳುವ ಮೊದಲೇ ಕೊಡುತ್ತಿದ್ದರು. ಆದರೂ ಕೈಯಲ್ಲಿ ತಂದ ಸ್ವಲ್ಪ ಹಣವನ್ನು ಖರ್ಚು ಮಾಡದೆ ಹಾಗೇ ಇಟ್ಟುಕೊಂಡಿದ್ದೆ. ಅದು ಮುಗಿದರೆ ನನ್ನದು ಅಂತ ಏನೂ ಉಳಿಯಲ್ಲ ಅನ್ನೋ ಭಯ.

ತೋಟದಮನೆ, ಹುಡುಗನ ಹತ್ತಿರ ಒಂದು ವಿಷಯ ಕೇಳಿ. ಅವರ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆಯಾ? ಆಗಿದ್ದರೆ ಎಚ್-4ನವರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, 2015ರಿಂದ ಆ ನಿಯಮ ಇದೆ. ಇನ್ನೂ ಆಗಿಲ್ಲ ಅಂದರೆ ಮೊದಲ ವರ್ಷ ಸುಮ್ನೆ ಮನೆಯಲ್ಲೇ ಅಂತ ತಿಳಿದುಕೊಂಡೇ ಬನ್ನಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಲೆಕ್ಕದವ
ಅದೇ ನೋಡಿ, ಅವರು ಹೇಳಿದ್ದು ಮಾಹಿತಿ. ಕಾರ್ಡ್ ಇಲ್ಲದೆಯೂ ಹೇಳಬಹುದಿತ್ತು. ಮೂರು ಚಿತ್ರ ನೋಡಿ ಜೀವನದ ನಿರ್ಧಾರ ಮಾಡೋದು ಬೇಡ.

ಕಾಳಿ ದಂಡೆ (ಕಾರವಾರ)
ಅವಳು ನಿರ್ಧಾರ ಮಾಡಿಯಾಗಿದೆ, ಅಣ್ಣ. ಕಾರ್ಡ್ ನೋಡಿ ಮದುವೆ ಬಿಡು ಅಂತ ಇಲ್ಲಿ ಯಾರೂ ಹೇಳಿಲ್ಲ. ‘ಸುಖವಾಗಿರ್ತೀನಾ’ ಅನ್ನೋ ಪ್ರಶ್ನೆಯಿಂದ ‘ಐ-140 ಆಗಿದೆಯಾ’ ಅನ್ನೋ ಪ್ರಶ್ನೆಗೆ ಬಂದೆವಲ್ಲ, ಒಳ್ಳೆ ಓದು ಮಾಡಬೇಕಾದ ಕೆಲಸ ಅದು.

ಲೆಕ್ಕದವ
ಆ ಮಾತು ಒಪ್ಪುತ್ತೇನೆ. ಆದರೆ ಬೇರೆ ಕಾರ್ಡ್ ಬಿದ್ದಿದ್ದರೆ ಈ ಪ್ರಶ್ನೆಗೆ ಬರುತ್ತಲೇ ಇರಲಿಲ್ಲ ಅನ್ನೋದೇ ನನ್ನ ತಕರಾರು. ಮೂರನೇ ಜಾಗದಲ್ಲಿ ಸೂರ್ಯ ಬಿದ್ದಿದ್ದರೆ ಎಲ್ಲರೂ ಶುಭಾಶಯ ಹೇಳಿ ಹೋಗುತ್ತಿದ್ದಿರಿ. ವೀಸಾ ನಿಯಮ ಮಾತ್ರ ಅದೇ ಇರುತ್ತಿತ್ತು.

ಕೂರ್ಮಗಡ
ಟ್ಯಾರೋ ಈಜಿಪ್ಟಿನ ಪುರೋಹಿತರ ಸಾವಿರಾರು ವರ್ಷದ ವಿದ್ಯೆ. ಸುಮ್ನೆ ಚಿತ್ರ ಅಂತ ತಳ್ಳಿಹಾಕಬೇಡಿ.

ಕಾಳಿ ದಂಡೆ (ಕಾರವಾರ)
ಈಜಿಪ್ಟ್ ಕಥೆ ಹುಟ್ಟಿದ್ದು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲಾ ಅನ್ನುವವರ ಬರಹದಿಂದ. ಕಾರ್ಡ್ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಆಟಕ್ಕೆ. ನಾನು ನಂಬಿ ಓದುವವಳೇ, ಆದರೂ ಇಲ್ಲದ ಹಿರಿತನ ಬೇಡ. ಈ ಮೂರು ಚಿತ್ರ ಬರೆದಾಕೆ ಪಮೇಲಾ ಕೋಲ್ಮನ್ ಸ್ಮಿತ್, ಬರೆಸಿದವರು ಆರ್ಥರ್ ವೇಟ್.

ತೋಟದಮನೆ (ಶಿರಸಿ)
ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಐ-140 ಇನ್ನೂ ಹಾಕಿಲ್ಲವಂತೆ, ಕಂಪನಿಯವರು ಮುಂದಿನ ವರ್ಷ ಅಂತ ಹೇಳಿದ್ದಾರಂತೆ. ‘ನಾನೇ ಹೇಳಬೇಕಿತ್ತು’ ಅಂದರು. ಅವರ ದನಿಯಲ್ಲಿ ಮುಚ್ಚಿಡೋದು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅಲ್ಲಿ ಲೆಕ್ಕಪತ್ರದ ಕೋರ್ಸ್ ಯಾವುದು ಮಾಡಬಹುದು ಅಂತ ಮಾತಾಡಿದೆವು.

ಇನ್ನೊಂದು ವಿಷಯ ಇದೆ. ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಮ್ಮದು ಸಣ್ಣ ಅಡಿಕೆ ತೋಟ. ಅಜ್ಜನಿಂದ ಬಂದದ್ದು, ಅಪ್ಪಯ್ಯನ ಹೆಸರಲ್ಲಿದೆ. ದೊಡ್ಡಪ್ಪ ಬಂದವರು ‘ಕೂಸು ಹೊರದೇಶಕ್ಕೆ ಹೋಗ್ತದೆ, ಆಮೇಲೆ ಸಹಿಗೆ ಹುಡುಕೋದು ಕಷ್ಟ, ಮದುವೆಗೆ ಮೊದಲೇ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿ’ ಅಂತ ಅಪ್ಪಯ್ಯನಿಗೆ ಹೇಳಿದ್ದಾರೆ. ಅಪ್ಪಯ್ಯ ಏನೂ ಮಾತಾಡಿಲ್ಲ. ತಮ್ಮನಿಗೆ ಇನ್ನೂ ಇದು ಗೊತ್ತೇ ಇಲ್ಲ. ವಿಡಿಯೋ ನೋಡಿ ಹೆದರಿದ್ದು ಹೌದು. ಆದರೆ ಕಾರ್ಡ್ ತೆಗೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ.

ಕಾಳಿ ದಂಡೆ (ಕಾರವಾರ)
ಈಗ ಕಾರ್ಡ್ ಬಾಯಿ ಬಿಟ್ಟಿತು ನೋಡು. ನಾಲ್ಕು ಪೆಂಟಕಲ್ಸ್‌ಗೆ ವೇಟ್ ಕೊಟ್ಟ ಅರ್ಥದಲ್ಲಿ ಇದ್ದದ್ದನ್ನು ಬಿಡದೆ ಹಿಡಿಯುವುದು ಒಂದು. ಅದರ ಜೊತೆಗೇ ಉಡುಗೊರೆ, ಪಿತ್ರಾರ್ಜಿತ ಅಂತಲೂ ಇದೆ. ಜಿಪುಣ ಅನ್ನುವ ಒಂದೇ ಮಾತು ಹಿಡಿದುಕೊಂಡು ಜನ ಇದನ್ನು ಮರೆತೇಬಿಟ್ಟಿದ್ದಾರೆ. ಪಾದದ ಕೆಳಗಿನ ಆ ಎರಡು ನಾಣ್ಯವನ್ನು ಮೊದಲು ನಾನು ಓಡಾಟಕ್ಕೆ ಅಡ್ಡಿ ಅಂತ ಓದಿದೆ. ನೀನು ಈಗ ಹೇಳಿದ್ದು ಕೇಳಿದ ಮೇಲೆ ಅವು ಕಾಲಿಗೆ ಆಧಾರವೂ ಹೌದು ಅಂತ ಓದುತ್ತೇನೆ. ಸಂಬಳ ಇಲ್ಲದ ಊರಲ್ಲಿ ಒಂದು ವರ್ಷ ಕೂರುವವಳಿಗೆ ಹಿಂದೆ ತನ್ನದು ಅಂತ ಸ್ವಲ್ಪ ನೆಲ ಇರುವುದು ಸಣ್ಣ ವಿಷಯ ಅಲ್ಲ.

ನಡುವಿನ ಕಾರ್ಡ್ ಇನ್ನೊಮ್ಮೆ ನೋಡು. ಗೋಲ್ಡನ್ ಡಾನ್ ಪದ್ಧತಿಯಲ್ಲಿ ಫೂಲ್ ಗಾಳಿ, ಪೆಂಟಕಲ್ಸ್ ಮಣ್ಣು. ಇವೆರಡಕ್ಕೂ ಆಗಲ್ಲ, ಪಕ್ಕಪಕ್ಕ ಬಿದ್ದರೆ ಒಂದು ಇನ್ನೊಂದರ ಬಲ ಕುಗ್ಗಿಸುತ್ತದೆ. ವಾಂಡ್ಸ್ ಬೆಂಕಿ. ಅದಕ್ಕೆ ಗಾಳಿಯ ಜೊತೆಯೂ ಆಗುತ್ತದೆ, ಮಣ್ಣಿನ ಜೊತೆಯೂ ಆಗುತ್ತದೆ. ನಿನ್ನ ಸಾಲಿನಲ್ಲಿ ಅದು ಸರಿಯಾಗಿ ನಡುವೆ ಬಿದ್ದಿದೆ. ಕೋಲುಗಳು ಇಳಿಯುತ್ತಿರುವುದೂ ಬಲಕ್ಕೆ, ನಾಣ್ಯದ ಕಡೆಗೆ. ಹಾಗಾಗಿ ಹೊರಡುವ ನಿನಗೂ ಹಿಡಿದು ಕೂರುವ ನಿನಗೂ ನಡುವೆ ಸೇತುವೆ ಅಂದರೆ ಈ ಓಡುವ ಕಾಗದಗಳೇ. ಕಾಗದ ಸರಿಯಿದ್ದರೆ ಎರಡೂ ಉಳಿಯುತ್ತದೆ. ಅವಸರದಲ್ಲಿ ಸಹಿ ಬಿದ್ದರೆ ಎರಡೂ ಕೆಡುತ್ತದೆ.

ಯಲ್ಲಾಪುರದ ವಕೀಲ
ಕಾರ್ಡ್ ಬಗ್ಗೆ ಗೊತ್ತಿಲ್ಲ, ಕಾಗದದ ಬಗ್ಗೆ ಹೇಳುತ್ತೇನೆ. ತಂಗಿ, ಅಜ್ಜನಿಂದ ಬಂದ ಪಿತ್ರಾರ್ಜಿತ ಆಸ್ತಿಯಾದರೆ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದ ಇದೆ. 2005ರ ತಿದ್ದುಪಡಿಯಲ್ಲಿ ಇದು ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಮದುವೆಯಾದರೆ, ಹೊರದೇಶಕ್ಕೆ ಹೋದರೆ ಆ ಹಕ್ಕು ಹೋಗಲ್ಲ. ಅಪ್ಪ ಸ್ವಂತ ದುಡಿದು ಕೊಂಡದ್ದಾದರೆ ಮಾತು ಬೇರೆ, ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು. ಅದಕ್ಕೇ ಮೊದಲು ಪಹಣಿ, ಮ್ಯುಟೇಶನ್ ತೆಗೆಸಿ ತೋಟ ಹೇಗೆ ಬಂತು ಅಂತ ನೋಡಿ.

ಹಕ್ಕು ಬಿಡುಗಡೆ ಪತ್ರ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ಮೇಲೆ ವಾಪಸ್ ಪಡೆಯೋದು ಬಹಳ ಕಷ್ಟ. ‘ಆಮೇಲೆ ಸಹಿ ಸಿಗಲ್ಲ’ ಅನ್ನೋದು ನೆಪ. ಅಮೆರಿಕದಲ್ಲಿದ್ದೇ ಅಧಿಕಾರ ಪತ್ರ ಮಾಡಿ ಕಳಿಸಬಹುದು, ದಿನಾ ಕಳಿಸುತ್ತಾರೆ. ಇನ್ನೊಂದು ಮುಖ್ಯ ವಿಷಯ: ಅನಿವಾಸಿ ಆದ ಮೇಲೆ ನೀವು ಇಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಂದರೆ ಈಗ ಬಿಟ್ಟರೆ ಅಲ್ಲಿಂದ ದುಡಿದು ಮತ್ತೆ ತೋಟ ಮಾಡ್ತೀನಿ ಅನ್ನೋದು ಆಗದ ಮಾತು.

ಸೋಂದೆಯವರು
ವಕೀಲರು ಹೀಗೆ ಹೇಳಿಯೇ ಮನೆಗಳು ಒಡೆಯೋದು. ತೋಟದಲ್ಲಿ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಸೋದು ಯಾರು? ಕೊನೆ ಕೊಯ್ಲಿಗೆ ಆಳು ಹುಡುಕೋದು ಯಾರು? ಊರಲ್ಲಿ ಉಳಿದ ತಮ್ಮ. ಡಾಲರ್ ಎಣಿಸುವವರಿಗೆ ಅರ್ಧ ಎಕರೆ ಯಾಕೆ?

ಕುಮಟಾ ಟು ಜೆರ್ಸಿ
ಡಾಲರ್ ಎಣಿಸೋದು ಗಂಡ, ಸ್ವಾಮಿ. ಅವಳಿಗೆ ಅಲ್ಲಿ ದುಡಿಯಲು ಅನುಮತಿಯೇ ಇಲ್ಲ ಅಂತ ಮೇಲೆ ಬರೆದಿದ್ದೇವೆ.

ಸೋಂದೆಯವರು
ಅದು ಓದಿದೆ. ಆದರೂ ದುಡಿಯುವ ತಮ್ಮನ ಕಷ್ಟವನ್ನೂ ಯಾರಾದರೂ ಹೇಳಬೇಕಲ್ಲ. ಎರಡು ವರ್ಷ ಕೊಳೆ ಬಂದರೆ ಸಾಲ ಯಾರ ತಲೆ ಮೇಲೆ? ಹಕ್ಕು ಇದ್ದವರು ಅದರಲ್ಲೂ ಪಾಲು ತಗೊಳ್ಳಲಿ.

ಯಲ್ಲಾಪುರದ ವಕೀಲ
ಆ ಮಾತು ನ್ಯಾಯವಾದದ್ದೇ. ಹಕ್ಕು ಇಟ್ಟುಕೊಂಡು ತೋಟ ನೋಡಿಕೊಳ್ಳುವುದನ್ನು, ಆದಾಯವನ್ನು ತಮ್ಮನಿಗೆ ಬಿಡುವ ಒಪ್ಪಂದ ಬರೆಯಬಹುದು. ಎಷ್ಟೋ ಮನೆಗಳಲ್ಲಿ ಹಾಗೆ ನಡೀತಿದೆ. ಪೂರ್ತಿ ಬಿಡುವುದು ಒಂದೇ ದಾರಿ ಅಲ್ಲ.

ಹಳಿಯಾಳ ಹುಡುಗ
ಇಷ್ಟೆಲ್ಲಾ ಗೊಂದಲ ಯಾಕೆ, ನಾಲ್ಕು ಪೆಂಟಕಲ್ಸ್ ಮೇಲೆ ಇನ್ನೊಂದು ಕಾರ್ಡ್ ತೆಗೆದು ನೋಡಿ. ಸಹಿ ಹಾಕಬೇಕಾ ಬೇಡವಾ ಗೊತ್ತಾಗುತ್ತೆ.

ಕಾಳಿ ದಂಡೆ (ಕಾರವಾರ)
ಬೇಡ. ಇಷ್ಟವಾಗದ ಕಾರ್ಡ್ ಮೇಲೆ ಇನ್ನೊಂದು ತೆಗೆಯೋದು, ಅದೂ ಇಷ್ಟವಾಗದಿದ್ದರೆ ಮತ್ತೊಂದು. ಕೊನೆಗೆ ಮೊದಲ ಮೂರು ಏನು ಹೇಳಿದವು ಅನ್ನೋದೇ ಮರೆತುಹೋಗುತ್ತದೆ. ಸಹಿ ಪ್ರಶ್ನೆಗೆ ಪಹಣಿ ಇದೆ, ವಕೀಲರು ಇದ್ದಾರೆ.

ಹಳಿಯಾಳ ಹುಡುಗ
ನನಗೆ ಕಲಿಸಿದವರು ಒಂದು ತೆಗೆಯಬಹುದು ಅಂತಲೇ ಕಲಿಸಿದ್ದಾರೆ ಅಕ್ಕ. ಒಂದೇ ಒಂದು ತೆಗೆದರೆ ತಪ್ಪಿಲ್ಲ. ನಿಮ್ಮ ಪದ್ಧತಿ ನಿಮಗೆ.

ಅಂಕೋಲೆಯವ
ಮದುವೆ ಊಟಕ್ಕೆ ನಮ್ಮ ಕರಿ ಇಶಾಡ ಮಾವಿನ ರಸಾಯನ ಇರಲಿ. ವೈಶಾಖಕ್ಕೆ ಸರಿಯಾಗಿ ಬರುತ್ತದೆ, ಬೇಕಾದರೆ ಮೊದಲೇ ಹೇಳಿ.

ಶರಾವತಿ ಮೇಷ್ಟ್ರು (ಹೊನ್ನಾವರ)
ಸಹಿ ವಿಷಯದಲ್ಲಿ ನಾನೂ ಕಾರವಾರದವರ ಕಡೆ. ಕೂಸೇ, ದೊಡ್ಡಪ್ಪ ಹೇಳಿದ್ದಕ್ಕೆ ಅಪ್ಪಯ್ಯ ಸುಮ್ಮನಿದ್ದಾರೆ ಅಂದರೆ ಅವರಿಗೂ ಮನಸ್ಸಿಲ್ಲ ಅಂತ ನನ್ನ ಎಣಿಕೆ. ಅವರ ಹತ್ತಿರ ಒಬ್ಬಳೇ ಕೂತು ಮಾತಾಡು, ದೊಡ್ಡಪ್ಪ ಇಲ್ಲದ ಹೊತ್ತಿನಲ್ಲಿ.

ತೋಟದಮನೆ (ಶಿರಸಿ)
ಮೇಷ್ಟ್ರೇ, ಬೆಳಿಗ್ಗೆ ಅಪ್ಪಯ್ಯ ಹಾಳೆ ಹೆಕ್ಕುತ್ತಿದ್ದಾಗ ತೋಟಕ್ಕೇ ಹೋಗಿ ಮಾತಾಡಿದೆ. ‘ನೀನು ಕೇಳುವವರೆಗೂ ನಾನಾಗಿ ಆ ಮಾತು ತೆಗೆಯಬಾರದು ಅಂತಿದ್ದೆ’ ಅಂದರು. ಪಹಣಿ, ಮ್ಯುಟೇಶನ್ ತೆಗೆಸಲು ಒಪ್ಪಿದ್ದಾರೆ. ತಮ್ಮನ ಹತ್ತಿರ ರಾತ್ರಿ ಮೂವರೂ ಕೂತು ಮಾತಾಡಬೇಕು. ಅವನು ಏನು ಹೇಳುತ್ತಾನೋ ಗೊತ್ತಿಲ್ಲ. ತೋಟಕ್ಕೆ ಜೀವ ಬಿಡುವವನು ಅವನೇ, ಹಾಗಾಗಿ ಸೋಂದೆಯವರು ಬರೆದದ್ದನ್ನೂ ಅವನಿಗೆ ಓದಿ ಹೇಳ್ತೇನೆ. ಆದಾಯ ಅವನಿಗೇ ಇರಲಿ ಅನ್ನೋದರಲ್ಲಿ ನನಗೆ ಎರಡನೇ ಮಾತಿಲ್ಲ. ಹಕ್ಕು ಬಿಡುಗಡೆಗೆ ಮದುವೆಗೆ ಮೊದಲು ಸಹಿ ಹಾಕಲ್ಲ, ಇಷ್ಟು ಮಾತ್ರ ಗಟ್ಟಿ ಮಾಡಿಕೊಂಡಿದ್ದೇನೆ.

ಕಾಳಿ ದಂಡೆ ಅಕ್ಕ, ಒಂದು ಕೇಳಲಾ? ಹೋದ ಮೇಲೆ ಇದೇ ಮೂರು ಜಾಗ ಇಟ್ಟು ಮತ್ತೆ ಓದಬಹುದಾ?

ಕಾಳಿ ದಂಡೆ (ಕಾರವಾರ)
ಓದು. ಆದರೆ ಆಗ ಬಲಗಡೆಯ ಜಾಗಕ್ಕೆ ‘ನಾನು ಅಲ್ಲಿ ಏನು ಕಲಿಯುತ್ತಿದ್ದೇನೆ’ ಅಂತ ಹೆಸರಿಡು. ಹುಡುಗನಿಗೂ ಒಂದು ಜಾಗ ಕೊಡು, ಈ ಸಲ ಅವನನ್ನು ಬಿಟ್ಟಿದ್ದೀಯ.

ಕುಮಟಾ ಟು ಜೆರ್ಸಿ
ಹೊರಡುವ ಮೊದಲು ಬ್ಯಾಂಕಿಗೂ ಹೋಗಿ ಬನ್ನಿ. ಅಮೆರಿಕದಲ್ಲಿ ನೆಲೆಸಿದ ಮೇಲೆ ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಫಾರ್ಮ್ ಯಾವುದು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಡ್ರೈವಿಂಗ್ ಬರದಿದ್ದರೆ ಶಿರಸಿಯಲ್ಲೇ ಕಲಿತು ಬನ್ನಿ. ಟೆಕ್ಸಾಸ್‌ನಲ್ಲಿ ಕಾರು ಇಲ್ಲದೆ ಹಾಲು ತರೋದೂ ಕಷ್ಟ.